ಐ5 ಇದೆ, ಆಟ ಓಡುತ್ತಾ?

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ, ಕಾಲೇಜು ಶುರುವಾಗುವ ಹೊತ್ತಿಗೆ, ಒಂದೇ ಬಗೆಯ ಮಾತುಕತೆ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ಇಂಜಿನಿಯರಿಂಗ್ ಸೀಟು ಸಿಕ್ಕಿದ ಮಗಳು, ಪಕ್ಕದಲ್ಲಿ ಲೆಕ್ಕ ಹಾಕುತ್ತ ನಿಂತ ಅಪ್ಪ, ಗಾಜಿನ ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪ್.

"ಅಣ್ಣಾ, ಇದ್ರಲ್ಲಿ ಗೇಮ್ ಓಡುತ್ತಾ?"

"ಐ5 ಕಣಮ್ಮ, ಎಂಟು ಜಿಬಿ ರ‍್ಯಾಮ್. ಆರಾಮಾಗಿ ಓಡುತ್ತೆ."

"ಗ್ರಾಫಿಕ್ಸ್ ಕಾರ್ಡ್ ಇಲ್ವಲ್ಲ?"

"ಒಳಗೇ ಇದೆ, ಇನ್‌ಬಿಲ್ಟು."

ಅಪ್ಪನಿಗೆ ಅಷ್ಟು ಸಾಕು. ಮಗಳಿಗೆ ಸಾಲದು. ಅವಳು ಆಡಬೇಕೆಂದಿರುವುದು ಎರಡೇ ಆಟ: ಹಾಸ್ಟೆಲಿನ ಗೆಳತಿಯರೊಂದಿಗೆ ವ್ಯಾಲರೆಂಟ್, ಬಿಡುವಾದಾಗ ಹಳೆಯ ಜಿಟಿಎ 5. ಸೆಟ್ಟಿಂಗ್ ಎಲ್ಲವನ್ನೂ ಕಡಿಮೆಗೆ ಇಳಿಸಿಕೊಂಡು ಆಡಲು ಅವಳು ತಯಾರು. ಆದರೆ 'ಐ5' ಎಂಬ ಎರಡಕ್ಷರದಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಇರುವುದು ಆ ಹೆಸರಿನ ಬಾಲದಲ್ಲಿ, ಲ್ಯಾಪ್‌ಟಾಪಿನ ತಳದ ಮುಚ್ಚಳದ ಒಳಗೆ, ಮತ್ತು ಇಪ್ಪತ್ತು ನಿಮಿಷ ಆಡಿದ ಮೇಲೆ ಯಂತ್ರ ಎಷ್ಟು ಬಿಸಿಯಾಗುತ್ತದೆ ಎನ್ನುವುದರಲ್ಲಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ, ತನ್ನದೇ ಫ್ಯಾನು, ತನ್ನದೇ ವಿದ್ಯುತ್ತು ಇರುತ್ತದೆ. ಪ್ರೊಸೆಸರಿನೊಳಗೇ ಕೂರಿಸಿದ ಗ್ರಾಫಿಕ್ಸ್ ಕೂಡುಕುಟುಂಬದ ಸೊಸೆಯಿದ್ದಂತೆ. ಪ್ರತಿಯೊಂದನ್ನೂ ಹಂಚಿಕೊಂಡೇ ಬಾಳಬೇಕು. ರ‍್ಯಾಮ್ ಎಲ್ಲರದ್ದು, ಹದಿನೈದೋ ಇಪ್ಪತ್ತೆಂಟೋ ವ್ಯಾಟ್ ವಿದ್ಯುತ್ತು ಎಲ್ಲರದ್ದು, ಬಿಸಿ ಹೊರಹಾಕುವ ಒಂದು ಫ್ಯಾನೂ ಎಲ್ಲರದ್ದು. ಈ ಹಂಚಿಕೆಯಲ್ಲಿ ಗ್ರಾಫಿಕ್ಸ್‌ಗೆ ಎಷ್ಟು ಪಾಲು ಬರುತ್ತದೆ ಎಂಬುದನ್ನು ತಿಳಿದರೆ ಅರ್ಧ ತೀರ್ಮಾನ ಆದಂತೆ.

ಮೊದಲು ಹೆಸರು. ಪ್ರೊಸೆಸರ್ ಕಂಪನಿಗಳು ಇಡುವ ಹೆಸರುಗಳು ಗ್ರಾಹಕನಿಗೆ ತಿಳಿಹೇಳುವುದಕ್ಕಿಂತ ತಲೆಕೆಡಿಸುವುದೇ ಹೆಚ್ಚು. ಎಎಮ್‌ಡಿಯ ರೈಜನ್ 5 5500ಯು 2021ರದ್ದು, ರೈಜನ್ 5 7520ಯು 2022ರದ್ದು. ಯಾರನ್ನು ಕೇಳಿದರೂ ಎರಡನೆಯದೇ ಹೊಸದು, ಎರಡನೆಯದೇ ಮೇಲು ಎನ್ನುತ್ತಾರೆ. ಗ್ರಾಫಿಕ್ಸ್ ಮಟ್ಟಿಗೆ ಲೆಕ್ಕ ತಿರುಗುಮುರುಗು. ಹಳೆಯದರಲ್ಲಿ ಚಿತ್ರ ಬಿಡಿಸುವ ಘಟಕಗಳು ಏಳು; ಹೊಸದರಲ್ಲಿ, ಅವು ಹೊಸ ತಳಿಯವಾದರೂ, ಎರಡೇ ಎರಡು. ಬ್ರೌಸರ್, ವಿಡಿಯೊ, ಆಫೀಸಿನ ಕೆಲಸಕ್ಕೆಂದು ಮಾಡಿದ ಅಗ್ಗದ ಚಿಪ್ ಅದು. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದನ್ನು ಆಟಕ್ಕೆಂದು ಕೊಂಡವರದೇ ಗೋಳು. ಅದೇ 7000 ಸರಣಿಯ 7535ಯುನಲ್ಲಿ ರೇಡಿಯಾನ್ 660ಎಮ್ ಎಂಬ ಆರು ಘಟಕಗಳ ಗ್ರಾಫಿಕ್ಸ್ ಇದೆ, 7735ಯುನಲ್ಲಿ 680ಎಮ್ ಎಂಬ ಹನ್ನೆರಡರದ್ದು, 7840ಯುನಲ್ಲಿ 780ಎಮ್ ಎಂಬ ಹನ್ನೆರಡು ಹೊಸ ತಳಿಯವು.

ಇಂಟೆಲ್ ಕಡೆಯೂ ಹೀಗೇ. ಹೆಸರಿನ ಕೊನೆಯಲ್ಲಿ 'ಎಚ್' ಇದ್ದರೆ ಗಟ್ಟಿ ಪ್ರೊಸೆಸರ್ ಎಂದು ಎಲ್ಲರೂ ಕಲಿತಿದ್ದಾರೆ. ಆದರೆ ಐ5-12450ಎಚ್‌ನಲ್ಲಿರುವ ಗ್ರಾಫಿಕ್ಸ್ ಘಟಕಗಳು 48, ಕಡಿಮೆ ವಿದ್ಯುತ್ತಿನ ಐ5-1235ಯುನಲ್ಲಿ 80. ಎಚ್ ಚಿಪ್‌ಗಳ ಪಕ್ಕದಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಕಾರ್ಡ್ ಇರುತ್ತದೆ. ಆ ಕಾರ್ಡನ್ನು ಬಿಟ್ಟು, ಬರೀ ಎಚ್ ಚಿಪ್ ಇಟ್ಟು ಮಾರುವ ತೆಳು ಲ್ಯಾಪ್‌ಟಾಪ್‌ಗಳೂ ಅಂಗಡಿಯಲ್ಲಿವೆ. 2023ರ ಡಿಸೆಂಬರಿನಲ್ಲಿ ಬಂದ ಕೋರ್ ಅಲ್ಟ್ರಾ ಸರಣಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಎಚ್ ಚಿಪ್‌ಗಳಲ್ಲೇ 'ಆರ್ಕ್' ಎಂಬ ದೊಡ್ಡ ಗ್ರಾಫಿಕ್ಸ್ ಇದೆ, ಯು ಚಿಪ್‌ಗಳಲ್ಲಿ ಅದರ ಅರ್ಧ.

ಆದ್ದರಿಂದ ಅಂಗಡಿಯಲ್ಲಿ ಮಾಡಬೇಕಾದ ಮೊದಲ ಕೆಲಸ, ಪ್ರೊಸೆಸರಿನ ಪೂರ್ತಿ ಹೆಸರನ್ನು, ಕೊನೆಯ ಅಕ್ಷರದ ಸಮೇತ, ಬರೆದುಕೊಂಡು ತಯಾರಕರ ಪುಟದಲ್ಲಿ ಅದರ ಗ್ರಾಫಿಕ್ಸ್ ಯಾವುದೆಂದು ನೋಡುವುದು. ಎರಡು ನಿಮಿಷದ ಕೆಲಸ.

ನಮ್ಮ ಕತೆಯ ಮಗಳ ಮುಂದಿದ್ದದ್ದು ಐ5-1235ಯು ಎಂದಿಟ್ಟುಕೊಳ್ಳಿ. ಇಂಟೆಲ್ ಪುಟದಲ್ಲಿ ಅದರ ಗ್ರಾಫಿಕ್ಸ್ ಹೆಸರು ಐರಿಸ್ ಎಕ್ಸ್‌ಇ. 2020ರಲ್ಲಿ ಬಂದ ಈ ತಳಿ ಹಳೆಯ ಯುಎಚ್‌ಡಿಗಿಂತ ಬಹಳ ಮೇಲು. ಸರಿ, ಲ್ಯಾಪ್‌ಟಾಪ್ ಮನೆಗೆ ಬಂತು. ವಿಂಡೋಸ್‌ನಲ್ಲಿ `Ctrl+Shift+Esc` ಒತ್ತಿ Task Manager ತೆರೆದು, Performance ಪುಟದಲ್ಲಿ GPU ಮೇಲೆ ಒತ್ತಿ ನೋಡಿದರೆ, ಬಲಮೂಲೆಯಲ್ಲಿ ಇರುವ ಹೆಸರು Intel(R) UHD Graphics. ಐರಿಸ್ ಎಲ್ಲಿ ಹೋಯಿತು? ಅಂಗಡಿಯವನು ಬೇರೆ ಚಿಪ್ ಕೊಟ್ಟನೇ?

ಚಿಪ್ ಅದೇ. ಕಳ್ಳತನವೂ ಆಗಿಲ್ಲ. ರ‍್ಯಾಮ್ ಎರಡು ಚಾನೆಲ್‌ಗಳಲ್ಲಿ ಇದ್ದರೆ ಮಾತ್ರ ಐರಿಸ್ ಎಕ್ಸ್‌ಇ ಎಂಬ ಹೆಸರು ಕಾಣಬೇಕು ಎಂಬುದು ಇಂಟೆಲ್ ಇಟ್ಟ ನಿಯಮ. ಒಂದೇ ರ‍್ಯಾಮ್ ಸ್ಟಿಕ್ ಹಾಕಿದ್ದರೆ ಡ್ರೈವರ್ ಅದೇ ಗ್ರಾಫಿಕ್ಸನ್ನು ಯುಎಚ್‌ಡಿ ಎಂದು ಕರೆಯುತ್ತದೆ. ಇದು ಬರೀ ಹೆಸರಿನ ಜಿಪುಣತನವಲ್ಲ, ಒಳಗೆ ನಿಜವಾಗಿ ಏನೋ ಕಡಿಮೆಯಾಗಿದೆ ಎಂಬುದರ ಗುರುತು. ಪರದೆಯ ಮೇಲಿನ ಆ ಒಂದು ಸಾಲು ಯಾವ ಜಾಹೀರಾತಿಗಿಂತಲೂ ಪ್ರಾಮಾಣಿಕ.

ಒಂದು ಬಾವಿ, ಅದಕ್ಕೊಂದು ರಾಟೆ. ಅಡುಗೆಮನೆಗೂ ಅದೇ ನೀರು, ತೋಟಕ್ಕೂ ಅದೇ ನೀರು. ಅಡುಗೆಮನೆಗೆ ದಿನಕ್ಕೆ ನಾಲ್ಕು ಕೊಡ ಸಾಕು. ತೋಟಕ್ಕೆ ಎಷ್ಟು ಸೇದಿದರೂ ಸಾಲದು. ಪ್ರೊಸೆಸರ್ ಅಡುಗೆಮನೆ, ಗ್ರಾಫಿಕ್ಸ್ ತೋಟ. ಆಟದ ಪ್ರತಿ ಚೌಕಟ್ಟನ್ನು ಬಿಡಿಸುವಾಗಲೂ ಗೋಡೆಯ ಬಣ್ಣ, ನೆರಳು, ಪ್ರತಿ ಚುಕ್ಕೆಯ ಆಳ ಎಲ್ಲವನ್ನೂ ಮೆಮೊರಿಯಿಂದ ತರಬೇಕು, ಮತ್ತೆ ಅಲ್ಲಿಗೇ ಹಾಕಬೇಕು. ಡಿಡಿಆರ್4-3200 ರ‍್ಯಾಮಿನ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. ಎರಡನೆಯ ಸ್ಟಿಕ್ ಹಾಕಿದರೆ ಬಾವಿಗೆ ಎರಡನೆಯ ರಾಟೆ ಕಟ್ಟಿದಂತೆ, 51.2 ಜಿಬಿ. ಹೋಲಿಕೆಗೆ, ಜಿಟಿಎಕ್ಸ್ 1650 ಎಂಬ ಸಾಧಾರಣ ಕಾರ್ಡಿನ ಮೊದಲ ಆವೃತ್ತಿಗೆ 128 ಜಿಬಿ ಇತ್ತು, ಅದೂ ಪ್ರೊಸೆಸರಿನೊಂದಿಗೆ ಹಂಚಿಕೊಳ್ಳದೆ. 80 ಘಟಕಗಳು ಕೆಲಸಕ್ಕೆ ಸಿದ್ಧವಾಗಿ ನಿಂತಿದ್ದರೂ ನೀರು ಬರದಿದ್ದರೆ ಸುಮ್ಮನೆ ಕಾಯಬೇಕಷ್ಟೆ. ಒಂದು ಸ್ಟಿಕ್ಕಿನಿಂದ ಎರಡಕ್ಕೆ ಹೋದಾಗ ಕೆಲವು ಆಟಗಳ ವೇಗ ಮೂರನೆಯ ಒಂದು ಭಾಗದಷ್ಟು, ಕೆಲವದರಲ್ಲಿ ಇನ್ನೂ ಹೆಚ್ಚು, ಏರುವುದು ಇದೇ ಕಾರಣಕ್ಕೆ. ಪ್ರೊಸೆಸರ್ ಬದಲಿಸದೆ, ಸೆಟ್ಟಿಂಗ್ ಮುಟ್ಟದೆ ಸಿಗುವ ಲಾಭ ಇದಕ್ಕಿಂತ ದೊಡ್ಡದು ಬೇರೆ ಇಲ್ಲ.

ಇದನ್ನು ಪತ್ತೆ ಮಾಡುವುದೂ ಸುಲಭ. Task Manager ಒಳಗೆ Memory ಮೇಲೆ ಒತ್ತಿದರೆ ಕೆಳಗೆ Slots used ಎಂಬ ಸಾಲಿದೆ. ಅಲ್ಲಿ 1 of 2 ಎಂದಿದ್ದರೆ ಒಂದು ಜಾಗ ಖಾಲಿ. ಸ್ಟಿಕ್‌ಗಳ ವಿವರ ಬೇಕೆಂದರೆ ಪವರ್‌ಶೆಲ್ ತೆರೆದು ಈ ಸಾಲು ಬರೆಯಬಹುದು:

```
Get-CimInstance Win32_PhysicalMemory | Select DeviceLocator, Capacity, Speed
```

ಒಂದೇ ಸಾಲು ಬಂದರೆ ಒಂದೇ ಸ್ಟಿಕ್. ಇಲ್ಲೊಂದು ಗುಂಡಿ ಇದೆ, ಜಾಣರೂ ಬೀಳುತ್ತಾರೆ. ಡಿಡಿಆರ್5 ರ‍್ಯಾಮಿನಲ್ಲಿ ಒಂದೇ ಸ್ಟಿಕ್ಕಿನೊಳಗೆ ಎರಡು ಅರ್ಧ ಚಾನೆಲ್‌ಗಳಿರುತ್ತವೆ. ಸಿಪಿಯು-ಝಡ್‌ನಂಥ ತಂತ್ರಾಂಶ ಅದನ್ನು 2 x 32-bit ಎಂದು ತೋರಿಸುತ್ತದೆ. ಎರಡು ಎಂಬ ಅಂಕಿ ನೋಡಿ 'ಡ್ಯುಯೆಲ್ ಚಾನೆಲ್ ಇದೆ' ಎಂದು ಹಿಗ್ಗುವಂತಿಲ್ಲ. ನಿಜವಾದ ಎರಡು ಸ್ಟಿಕ್ ಇದ್ದರೆ ಅಲ್ಲಿ 4 x 32-bit ಎಂದಿರುತ್ತದೆ.

ಖಾಲಿ ಜಾಗ ಇದ್ದವರು ಪುಣ್ಯವಂತರು. ಬೋರ್ಡಿಗೇ ಬೆಸೆದ ರ‍್ಯಾಮ್ ಇದ್ದು, ಪಕ್ಕದಲ್ಲೊಂದು ಖಾಲಿ ಸ್ಲಾಟ್ ಕೊಟ್ಟಿರುವ ಮಾಡೆಲ್‌ಗಳೂ ಇವೆ; ಅದಕ್ಕೆ ಅಷ್ಟೇ ಗಾತ್ರದ ಸ್ಟಿಕ್ ಹಾಕಿದರೆ ಎರಡು ಚಾನೆಲ್ ಆಗುತ್ತದೆ. ಎಂಟರ ಜೊತೆ ಹದಿನಾರು ಹಾಕಿದರೂ ಮೊದಲ ಹದಿನಾರು ಜಿಬಿ ಎರಡು ಚಾನೆಲ್‌ನಲ್ಲಿ, ಉಳಿದದ್ದು ಒಂದರಲ್ಲಿ ಓಡುತ್ತದೆ, ನಷ್ಟ ದೊಡ್ಡದಲ್ಲ. ಸ್ಲಾಟ್ ಇಲ್ಲದೆ ಪೂರ್ತಿ ಬೆಸೆದಿದ್ದರೆ ಖರೀದಿಯ ದಿನ ಇದ್ದದ್ದೇ ಕೊನೆಯವರೆಗೆ. ರೈಜನ್ 5 7520ಯುನಲ್ಲಂತೂ ಮೆಮೊರಿಯ ದಾರಿಯೇ ಕಿರಿದು, ಅಗಲ ಮಾಡುವ ಉಪಾಯವಿಲ್ಲ. ಹಾಗೆಂದು ಬೆಸೆದ ರ‍್ಯಾಮೆಲ್ಲ ಕೆಟ್ಟದ್ದಲ್ಲ. ದುಬಾರಿ ತೆಳು ಲ್ಯಾಪ್‌ಟಾಪ್‌ಗಳ ಎಲ್‌ಪಿಡಿಡಿಆರ್5ಎಕ್ಸ್ ರ‍್ಯಾಮ್ ಬೆಸೆದದ್ದೇ ಆದರೂ ಸೆಕೆಂಡಿಗೆ 120 ಜಿಬಿ ಸಾಗಿಸುವಂಥದ್ದು ಇದೆ. 780ಎಮ್ ಅಥವಾ ಆರ್ಕ್ ಗ್ರಾಫಿಕ್ಸ್ ತನ್ನ ಪೂರ್ತಿ ಕಸುವು ತೋರಿಸುವುದು ಅಂಥ ಜೊತೆ ಸಿಕ್ಕಾಗಲೇ.

ಎಂಟು ಜಿಬಿಯ ಇನ್ನೊಂದು ತೊಂದರೆ, ಅದು ಬರೀ ಸಾಲದು. ವಿಂಡೋಸ್ 11 ಮತ್ತು ಒಂದು ಬ್ರೌಸರ್ ಕುಳಿತ ಮೇಲೆ ಉಳಿಯುವುದರಲ್ಲಿ ಆಟವೂ ಇರಬೇಕು, ಗ್ರಾಫಿಕ್ಸ್‌ಗೂ ಪಾಲು ಹೋಗಬೇಕು. ಕೆಲವು ರೈಜನ್ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಮೊದಲೇ 2 ಜಿಬಿಯನ್ನು ಗ್ರಾಫಿಕ್ಸ್‌ಗೆಂದು ಎತ್ತಿಡುತ್ತದೆ. Settings ಒಳಗಿನ About ಪುಟದಲ್ಲಿ 8 ಜಿಬಿಯ ಮುಂದೆ 5.8ರ ಆಸುಪಾಸಿನ ಅಂಕಿ, usable ಎಂಬ ಪದದೊಂದಿಗೆ ಕಂಡರೆ ಅದಕ್ಕೆ ಕಾರಣ ಇದೇ. ರ‍್ಯಾಮ್ ತುಂಬಿದಾಗ ವಿಂಡೋಸ್ ಎಸ್‌ಎಸ್‌ಡಿಯನ್ನು ರ‍್ಯಾಮಿನಂತೆ ಬಳಸತೊಡಗುತ್ತದೆ, ಆಟ ಓಡುತ್ತ ಓಡುತ್ತ ಅರ್ಧ ಸೆಕೆಂಡ್ ಗಕ್ಕನೆ ನಿಲ್ಲುತ್ತದೆ. ಆಡುವವರು ಗ್ರಾಫಿಕ್ಸನ್ನು ಬಯ್ಯುತ್ತಾರೆ, ತಪ್ಪು ಅದರದ್ದಲ್ಲ.

ಇನ್ನು ಆಟದ ಕಡೆಯಿಂದ ನೋಡೋಣ. ವ್ಯಾಲರೆಂಟ್ ತಯಾರಿಸಿದ ರಾಯಟ್ ಗೇಮ್ಸ್ ತನ್ನ ಕನಿಷ್ಠ ಅಗತ್ಯದ ಪಟ್ಟಿಯಲ್ಲಿ ಹೇಳುವ ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000. ಅದು 2012ರದ್ದು, ಅದೂ ಪ್ರೊಸೆಸರಿನೊಳಗಿನದೇ. ಅದರಲ್ಲಿ ಸೆಕೆಂಡಿಗೆ 30 ಚೌಕಟ್ಟು ಬರುತ್ತದೆ ಎಂಬುದು ಕಂಪನಿಯ ಮಾತು. 60 ಬೇಕೆಂದರೆ ಜಿಟಿ 730 ಎಂಬ ಹಳೆಯ ಪುಟ್ಟ ಕಾರ್ಡ್ ಸಾಕು ಎನ್ನುತ್ತದೆ. ಐರಿಸ್ ಎಕ್ಸ್‌ಇ ಇವೆರಡನ್ನೂ ಹಿಂದೆ ಹಾಕುತ್ತದೆ. ಇಲ್ಲಿ ಯೋಚನೆಯೇ ಬೇಡ, ಒಂದೇ ಸ್ಟಿಕ್ ಇದ್ದರೂ ಆಟ ಆಡಬಹುದು. ವಿಂಡೋಸ್ 11ರಲ್ಲಿ ಸೆಕ್ಯೂರ್ ಬೂಟ್ ಮತ್ತು ಟಿಪಿಎಮ್ 2.0 ಎರಡೂ ಚಾಲೂ ಇರಬೇಕೆಂದು ಅದರ ಕಾವಲು ತಂತ್ರಾಂಶ ಹಟ ಹಿಡಿಯುತ್ತದೆ, ಅದೊಂದನ್ನು ನೋಡಿಕೊಂಡರಾಯಿತು. ಸ್ಟಾರ್‌ಡ್ಯೂ ವ್ಯಾಲಿ, ಹೇಡಿಸ್, ರಾಕೆಟ್ ಲೀಗ್‌ನಂಥವೂ ಇದೇ ಸಾಲಿನವು.

ಜಿಟಿಎ 5 ಹಾಗಲ್ಲ, ಅದನ್ನು ಸ್ವಲ್ಪ ಕೂಲಂಕಷವಾಗಿ ನೋಡಬೇಕು. 2013ರಲ್ಲಿ ಪಿಎಸ್3, ಎಕ್ಸ್‌ಬಾಕ್ಸ್ 360ಗೆಂದು ಮಾಡಿದ ಆಟ, ಪಿಸಿಗೆ ಬಂದದ್ದು 2015ರ ಏಪ್ರಿಲಿನಲ್ಲಿ. ಆಗ ಹೇಳಿದ ಕನಿಷ್ಠ ಕಾರ್ಡ್ 1 ಜಿಬಿಯ ಜಿಫೋರ್ಸ್ 9800 ಜಿಟಿ, ಶಿಫಾರಸು ಮಾಡಿದ್ದು 2 ಜಿಬಿಯ ಜಿಟಿಎಕ್ಸ್ 660. ಐರಿಸ್ ಎಕ್ಸ್‌ಇ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಕನಿಷ್ಠವನ್ನು ದಾಟಿದೆ, ಶಿಫಾರಸನ್ನು ಮುಟ್ಟಿಲ್ಲ. ಅಂದರೆ ಕಡಿಮೆ ಸೆಟ್ಟಿಂಗಿನಲ್ಲಿ ಓಡಬೇಕು, ಎಷ್ಟು ಸಲೀಸಾಗಿ ಎಂಬುದನ್ನು ಆ ನಿರ್ದಿಷ್ಟ ಲ್ಯಾಪ್‌ಟಾಪಿನಲ್ಲೇ ಅಳೆಯಬೇಕು. ಒಂದು ಎಚ್ಚರ: 2025ರಲ್ಲಿ ಇದೇ ಆಟದ 'ಎನ್‌ಹ್ಯಾನ್ಸ್‌ಡ್' ರೂಪ ಬಂದಿದೆ. ಅದು ಕೇಳುವುದು 4 ಜಿಬಿ ಮೆಮೊರಿಯ ಪ್ರತ್ಯೇಕ ಕಾರ್ಡನ್ನು. ಐರಿಸ್ ಇರುವವರು ಇಳಿಸಿಕೊಳ್ಳಬೇಕಾದದ್ದು 'ಲೆಗಸಿ' ಎಂಬ ಹಳೆಯ ರೂಪವನ್ನು.

ಈಗ ಅಳತೆ. ಕತೆಯ ಮಗಳು ತಳದ ಮುಚ್ಚಳ ತೆಗೆದು ಎರಡನೆಯ 8 ಜಿಬಿ ಸ್ಟಿಕ್ ಹಾಕಿಸುತ್ತಾಳೆ. ಮುಚ್ಚಳ ತೆಗೆದರೆ ವಾರಂಟಿ ಏನಾಗುತ್ತದೆ ಎಂದು ಸರ್ವೀಸ್ ಸೆಂಟರಿಗೆ ಮೊದಲೇ ಫೋನು ಮಾಡಿ ಕೇಳಿದ್ದಾಳೆ. ಮತ್ತೆ ಚಾಲೂ ಮಾಡಿದಾಗ Task Managerನಲ್ಲಿ ಹೆಸರು ಬದಲಾಗಿದೆ: Intel(R) Iris(R) Xe Graphics. ಆಟದ ಗ್ರಾಫಿಕ್ಸ್ ಪುಟದಲ್ಲೇ ಒಂದು ಬೆಂಚ್‌ಮಾರ್ಕ್ ಇದೆ. ಮೊದಲ ಬ್ಯಾಂಕ್ ದರೋಡೆಯ ಅಧ್ಯಾಯ ಮುಗಿಸಿದ ಮೇಲೆ ಅದನ್ನು ಓಡಿಸಬಹುದು. ಪಟ್ಟಣದ ಬೀದಿ, ವಿಮಾನ, ಹುಲ್ಲುಗಾವಲು ಎಲ್ಲ ಅದರಲ್ಲಿ ಬಂದು ಹೋಗುತ್ತವೆ. ಮೂಲೆಯಲ್ಲಿ ಚೌಕಟ್ಟುಗಳ ಎಣಿಕೆ ಕಾಣಲು ಸ್ಟೀಮಿನ ಸೆಟ್ಟಿಂಗಿನಲ್ಲೊಂದು ಗುಂಡಿ ಇದೆ, ಇಲ್ಲವೇ `Win+G` ಒತ್ತಿದರೆ ಬರುವ ಗೇಮ್ ಬಾರ್ ಸಾಕು.

1920×1080ರಲ್ಲಿ, ಎಲ್ಲವೂ ಕಡಿಮೆಯಲ್ಲಿ, ಸರಾಸರಿ 40 ಬಂತೆನ್ನಿ. ಅಲ್ಲಿಗೇ ಸಮಾಧಾನ ಪಡುವಂತಿಲ್ಲ, ಏಕೆಂದರೆ ಸರಾಸರಿ ಎಂಬುದು ಮೋಸಗಾರ. 40 ಸರಾಸರಿ ಇದ್ದು, ಬೀದಿಯಲ್ಲಿ ಗಾಡಿ ತಿರುಗಿಸಿದಾಗಲೆಲ್ಲ 18ಕ್ಕೆ ಇಳಿದರೆ ಆಟ ಆಡಿದಂತಲ್ಲ, ಎತ್ತಿನಗಾಡಿಯಲ್ಲಿ ಕೂತು ಕಲ್ಲುದಾರಿಯಲ್ಲಿ ಹೋದಂತೆ. ಇಳಿಕೆ ಎಷ್ಟು ಎನ್ನುವುದೇ ಮುಖ್ಯ. ಕಾರು ಓಡಿಸುವ, ಊರು ಸುತ್ತುವ ಆಟದಲ್ಲಿ 30ಕ್ಕಿಂತ ಕೆಳಗೆ ಇಳಿಯದಿದ್ದರೆ ಕಣ್ಣು ಒಗ್ಗಿಕೊಳ್ಳುತ್ತದೆ. ಗುರಿಯಿಟ್ಟು ಹೊಡೆಯುವ ವ್ಯಾಲರೆಂಟ್‌ನಂಥದ್ದಕ್ಕೆ 60 ಬೇಕೇ ಬೇಕು.

ಇಳಿಕೆ ಜಾಸ್ತಿ ಇದ್ದರೆ ಮೊದಲು ತಗ್ಗಿಸಬೇಕಾದದ್ದು ಚುಕ್ಕೆಗಳ ಸಂಖ್ಯೆ. 1920×1080 ಎಂದರೆ ಸುಮಾರು 20.7 ಲಕ್ಷ ಚುಕ್ಕೆ, 1600×900 ಎಂದರೆ 14.4 ಲಕ್ಷ, 1280×720 ಎಂದರೆ 9.2 ಲಕ್ಷ. ಮೊದಲನೆಯದರಿಂದ ಕೊನೆಯದಕ್ಕೆ ಇಳಿದರೆ ಕೆಲಸ ಅರ್ಧಕ್ಕಿಂತ ಕಡಿಮೆ. ಹದಿನೈದೂವರೆ ಇಂಚಿನ ಪರದೆಯಲ್ಲಿ 900ರ ಚಿತ್ರ ತುಸು ಮಂಜಾದರೂ ನೋಡುವಂತಿರುತ್ತದೆ. 720ಕ್ಕೆ ಇಳಿದರೆ ದೂರದ ಅಕ್ಷರ ಓದಲು ಕಷ್ಟ. ಆಮೇಲೆ ನೆರಳು ಮತ್ತು ಎಮ್‌ಎಸ್‌ಎಎ ಎಂಬ ಅಂಚು ನಯಗೊಳಿಸುವ ಆಯ್ಕೆ. ಎಮ್‌ಎಸ್‌ಎಎ ಮೆಮೊರಿಯ ನೀರನ್ನು ಸಿಕ್ಕಾಪಟ್ಟೆ ಕುಡಿಯುತ್ತದೆ, ಒಳಗಿನ ಗ್ರಾಫಿಕ್ಸ್ ಇರುವವರು ಅದನ್ನು ಮುಚ್ಚಿಬಿಡುವುದೇ ಲೇಸು.

ಚುಕ್ಕೆ ಇಳಿಸಿದರೂ ವೇಗ ಏರಲಿಲ್ಲವೇ? ಆಗ Task Managerನ GPU ಅಂಕಿ ನೋಡಬೇಕು. ಅದು 95ರ ಮೇಲಿದ್ದರೆ ಗ್ರಾಫಿಕ್ಸ್ ತನ್ನ ಕೈಲಾದದ್ದನ್ನೆಲ್ಲ ಮಾಡುತ್ತಿದೆ. 60ರ ಸುತ್ತ ಆಡುತ್ತಿದ್ದರೆ ಅಡ್ಡಿ ಬೇರೆ ಕಡೆ ಇದೆ: ರ‍್ಯಾಮ್ ತುಂಬಿದೆ, ಪ್ರೊಸೆಸರ್ ಸೋತಿದೆ, ಅಥವಾ ಯಂತ್ರ ಬಿಸಿಯಾಗಿ ತನ್ನನ್ನು ತಾನೇ ತಡೆದುಕೊಂಡಿದೆ.

ಈ ಬಿಸಿಯ ವಿಷಯವನ್ನು ಅಂಗಡಿಯಲ್ಲಿ ಯಾರೂ ತಿಳಿಯಲಾರರು. ಐ5-1235ಯು ಕೆಲ ಹೊತ್ತಿಗೆ 55 ವ್ಯಾಟ್‌ವರೆಗೂ ಎಳೆದುಕೊಳ್ಳಬಹುದು, ಆದರೆ ಅದರ ಮೂಲ ಲೆಕ್ಕ 15 ವ್ಯಾಟ್. ಮೊದಲ ಕೆಲವು ನಿಮಿಷ ಎರಡೂ ಕೈಯಿಂದ ಖರ್ಚು ಮಾಡುತ್ತದೆ, ಲೋಹ ಬಿಸಿಯಾದಂತೆ ಕೈ ಬಿಗಿ ಹಿಡಿಯುತ್ತದೆ. ಅದಕ್ಕೇ ಐದು ನಿಮಿಷದ ಪರೀಕ್ಷೆ ನಂಬುವಂತಿಲ್ಲ. ಚಾರ್ಜರ್ ಸಿಕ್ಕಿಸಿ, ಪವರ್ ಮೋಡನ್ನು Best performance ಮಾಡಿ, ಗಟ್ಟಿ ಮೇಜಿನ ಮೇಲಿಟ್ಟು ಇಪ್ಪತ್ತು ನಿಮಿಷ ಆಡಿದ ಮೇಲೆ ಬರುವ ಅಂಕಿಯೇ ನಿಜವಾದದ್ದು. ಇದೇ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿ ಅಂಕಿ ಇನ್ನಷ್ಟು ಕೆಳಗಿಳಿಯುತ್ತದೆ. ಬ್ಯಾಟರಿಯಲ್ಲಿ ಆಡಿದರೂ ಹಾಗೆಯೇ. ಒಂದೇ ಪ್ರೊಸೆಸರ್ ಇರುವ ಎರಡು ಮಾಡೆಲ್‌ಗಳಲ್ಲಿ ಒಂದೇ ಆಟ ಬೇರೆ ಬೇರೆ ವೇಗದಲ್ಲಿ ಓಡುವುದಕ್ಕೆ ರ‍್ಯಾಮ್ ಒಂದು ಕಾರಣವಾದರೆ ಫ್ಯಾನು ಇನ್ನೊಂದು. ಯೂಟ್ಯೂಬಿನಲ್ಲಿ ಪರೀಕ್ಷೆಯ ವಿಡಿಯೊ ನೋಡುವವರು ಪ್ರೊಸೆಸರಿನ ಹೆಸರಿನ ಜೊತೆಗೆ ರ‍್ಯಾಮ್ ಎಷ್ಟು ಸ್ಟಿಕ್, ಎಷ್ಟು ವ್ಯಾಟ್ ಎಂಬುದನ್ನೂ ಹುಡುಕಬೇಕು. ಅದನ್ನು ಹೇಳದ ವಿಡಿಯೊದಿಂದ ಏನೂ ತೀರ್ಮಾನಿಸಲಾಗದು.

ಇನ್ನೊಂದು ಅಳತೆಗೋಲು ಕೈಗೆ ಸುಲಭವಾಗಿ ಸಿಗುತ್ತದೆ. ವಾಲ್ವ್ ಕಂಪನಿ 2022ರಲ್ಲಿ ತಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದಲ್ಲಿ ಇರುವುದೂ ಒಳಗಿನ ಗ್ರಾಫಿಕ್ಸೇ: ಎಎಮ್‌ಡಿಯ ಎಂಟು ಘಟಕ, 1280×800ರ ಪರದೆ. ಅದರಲ್ಲಿ ಯಾವ ಆಟ ಚೆನ್ನಾಗಿ ಓಡುತ್ತದೆ ಎಂದು ಕಂಪನಿಯೇ ಒಂದೊಂದನ್ನೂ ಪರೀಕ್ಷಿಸಿ ಸ್ಟೀಮಿನ ಆಟದ ಪುಟದಲ್ಲಿ ಗುರುತು ಹಾಕಿದೆ. 680ಎಮ್, 780ಎಮ್, ಎಚ್ ಚಿಪ್‌ನ ಆರ್ಕ್ ಇದ್ದವರು ಹಸಿರು ಗುರುತಿನ ಆಟವನ್ನು ಅದೇ ಮಟ್ಟದ ಚುಕ್ಕೆಗಳಲ್ಲಿ ಬಹುಪಾಲು ಧೈರ್ಯವಾಗಿ ಕೊಳ್ಳಬಹುದು. ಐರಿಸ್ ಎಕ್ಸ್‌ಇಯವರು ಹಸಿರು ಕಂಡರೂ ಅನುಮಾನದಿಂದಲೇ ನೋಡಬೇಕು. 7520ಯುನ ಎರಡು ಘಟಕದವರು ಆ ಗುರುತನ್ನು ಮರೆತುಬಿಡುವುದು ವಾಸಿ.

ಕೆಲವು ಆಟಗಳಿಗೆ ಈ ಯಾವ ಲೆಕ್ಕವೂ ಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ರೇ ಟ್ರೇಸಿಂಗ್ ಮಾಡಬಲ್ಲ ಗ್ರಾಫಿಕ್ಸ್ ಇಲ್ಲದೆ ತೆರೆಯುವುದೇ ಇಲ್ಲ. ಐರಿಸ್ ಎಕ್ಸ್‌ಇಗೆ ಆ ಅಂಗವೇ ಇಲ್ಲ. ಸೆಟ್ಟಿಂಗ್ ಎಷ್ಟು ಇಳಿಸಿದರೂ ಬಾಗಿಲು ಮುಚ್ಚಿಯೇ ಇರುತ್ತದೆ.

ನಡುವೆ ಉಳಿಯುವ ಆಟಗಳಿಗೆ ಸ್ಟೀಮಿನ ವಾಪಸಾತಿ ನಿಯಮ ಒಳ್ಳೆಯ ಆಸರೆ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಕ್ಕೆ ಕೇಳಬಹುದು. ಇಪ್ಪತ್ತು ನಿಮಿಷದ ಬಿಸಿ ಪರೀಕ್ಷೆ, ಚುಕ್ಕೆ ಇಳಿಸಿ ಇನ್ನೊಂದು ಸುತ್ತು, ನೆರಳು ತೆಗೆದು ಮತ್ತೊಂದು, ಇಷ್ಟಕ್ಕೂ ಸಮಯ ಸಾಕು. ಆದರೆ ಆಟ ತೆರೆದಿಟ್ಟು ಊಟಕ್ಕೆ ಎದ್ದು ಹೋದ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ಹೊಸ ಆಟಗಳು ಮೊದಲ ಸಲ ತೆರೆದಾಗ 'ಶೇಡರ್' ತಯಾರಿಸುತ್ತ ಕೂರುವ ಹತ್ತಿಪ್ಪತ್ತು ನಿಮಿಷವೂ ಅದಕ್ಕೇ ಜಮಾ. ಹಾಗಾಗಿ ರ‍್ಯಾಮ್ ಹಾಕಿಸುವುದು, ಡ್ರೈವರ್ ಹೊಸದು ಮಾಡುವುದು, ಚಾರ್ಜರ್ ಹುಡುಕುವುದು ಎಲ್ಲ ಮುಗಿದ ಮೇಲೆಯೇ 'ಪ್ಲೇ' ಗುಂಡಿಯ ಹತ್ತಿರ ಹೋಗಬೇಕು.